ಎದುರಿಗೆ ಕೂತವರಿಗೆ 18 ವರ್ಷ, ನನಗೆ 6

ಇಂಟರ್‌ವ್ಯೂ ಮುಗಿದು ಹತ್ತು ನಿಮಿಷ ಆಗಿತ್ತು ಅಷ್ಟೇ. ಫೀಡ್‌ಬ್ಯಾಕ್ ಫಾರ್ಮ್ ತೆರೆದು ಕೂತಿದ್ದೆ. "ಅಭ್ಯರ್ಥಿ ತಾವೇ ತೆಗೆದುಕೊಂಡ ಒಂದು ತಾಂತ್ರಿಕ ನಿರ್ಧಾರ" ಅಂತ ಒಂದು ಕಾಲಂ ಇತ್ತು. ಅಲ್ಲಿ ಏನು ಬರೆಯೋದು ಅಂತ ತಿಳಿಯಲಿಲ್ಲ. ನೋಟ್‌ಬುಕ್ ತಿರುಗಿಸಿ ನೋಡಿದೆ. ಎರಡೂವರೆ ಪುಟ ಗೀಚಿದ್ದೆ. ಇದ್ದದ್ದೆಲ್ಲ ಅವರ ಹಳೆಯ ಕಂಪನಿ ಹೇಗೆ ಬೆಳೆಯಿತು, ಸಿಸ್ಟಂ ಹೇಗೆ ಬದಲಾಯಿತು ಅನ್ನೋ ಕಥೆ. ಕೇಳೋಕೆ ಚೆನ್ನಾಗಿತ್ತು. ಆದರೆ ಆ ಕಥೆಯಲ್ಲಿ ಅವರು ಎಲ್ಲಿದ್ದರು ಅಂತ ಹುಡುಕಿದರೆ ಸಿಗಲಿಲ್ಲ.

ಕೊನೆಗೆ "ತುಂಬಾ ಅನುಭವಿ, ಆಳವಾದ ಜ್ಞಾನ ಇದೆ" ಅಂತ ಬರೆದು ಕಳಿಸಿಬಿಟ್ಟೆ. ಅವರಿಗೆ 18 ವರ್ಷ ಅನುಭವ ಇದೆ ಅನ್ನೋದು ರೆಸ್ಯೂಮೆಯಲ್ಲೇ ಇತ್ತು. ಅದನ್ನು ತಿಳಿದುಕೊಳ್ಳೋಕೆ ನನ್ನ ಒಂದು ಗಂಟೆ ಬೇಕಿರಲಿಲ್ಲ.

ಆಗ ನನಗೆ ಐದು ವರ್ಷ ಅನುಭವ. ಆ ಒಂದು ಗಂಟೆಯಲ್ಲಿ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಮೊದಲನೆಯದಕ್ಕೆ ಅವರು 22 ನಿಮಿಷ ಮಾತಾಡಿದರು. ಮಧ್ಯೆ ಬಾಯಿ ಹಾಕೋಕೆ ನನಗೆ ಧೈರ್ಯ ಬರಲಿಲ್ಲ. ತಲೆ ಆಡಿಸ್ತಾ ಕೂತಿದ್ದೆ. ಇನ್ನೂ ನಾಚಿಕೆಯ ವಿಷಯ ಅಂದ್ರೆ, ಶುರುವಿನಲ್ಲೇ "ನಿಮ್ಮಂಥವರನ್ನ ನಾನು ಇಂಟರ್‌ವ್ಯೂ ಮಾಡೋದು ಅಂದ್ರೆ ಸ್ವಲ್ಪ ತಮಾಷೆನೇ" ಅಂತ ಹೇಳಿ ನಕ್ಕಿದ್ದೆ. ಅವರೂ ನಕ್ಕರು. ಅಲ್ಲಿಗೆ ಮುಗೀತು. ಆ ಗಂಟೆ ಯಾರ ಕೈಯಲ್ಲಿ ಇರಬೇಕು ಅನ್ನೋದನ್ನು ನಾನೇ ಬಿಟ್ಟುಕೊಟ್ಟಿದ್ದೆ. ಅವರೇನೂ ಕಿತ್ತುಕೊಳ್ಳಲಿಲ್ಲ.

ಇದರ ಉಲ್ಟಾ ತಪ್ಪನ್ನೂ ನೋಡಿದ್ದೀನಿ. ನನ್ನ ಒಬ್ಬ ಸಹೋದ್ಯೋಗಿ ಹಿರಿಯ ಅಭ್ಯರ್ಥಿ ಬಂದರೆ ಸೆಟೆದುಕೊಳ್ಳುತ್ತಿದ್ದ. ಯಾವುದೋ ಲೈಬ್ರರಿಯ ಒಂದು ಆಪ್ಷನ್ ಹೆಸರು ಕೇಳೋದು, ಅವರಿಗೆ ನೆನಪಾಗದಿದ್ದರೆ "ಓಹ್, ಗೊತ್ತಿಲ್ವಾ" ಅನ್ನೋದು. ಹೊರಗಿನಿಂದ ನೋಡಿದರೆ ಹಿಡಿತ ಅವನ ಕೈಯಲ್ಲೇ ಇದ್ದ ಹಾಗೆ ಕಾಣುತ್ತಿತ್ತು. ಅವನ ಫಾರ್ಮ್‌ನಲ್ಲೂ ಆ ಕಾಲಂ ಖಾಲಿಯೇ. ನಾನು ಹೆದರಿ ಕೇಳಲಿಲ್ಲ, ಅವನು ಹೆದರಿ ಬೇರೆ ಏನನ್ನೋ ಕೇಳಿದ. ಅಷ್ಟೇ ವ್ಯತ್ಯಾಸ.

ಒಂದು ವರ್ಷದ ನಂತರ ಅಂಥದ್ದೇ ಇನ್ನೊಂದು ಇಂಟರ್‌ವ್ಯೂ ನನ್ನ ಪಾಲಿಗೆ ಬಂತು. ಇವರಿಗೂ 18 ವರ್ಷ. ಆರ್ಕಿಟೆಕ್ಟ್ ಹುದ್ದೆಗೆ. ಆಯ್ಕೆಯಾದರೆ ನನಗಿಂತ ಎರಡು ಮೆಟ್ಟಿಲು ಮೇಲೆ ಕೂರುವವರು. ಈ ಸಲ ನಾನು ಮ್ಯಾನೇಜರ್ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ಈ ಒಂದು ಗಂಟೆಯಲ್ಲಿ ನಾನು ಏನನ್ನು ತಿಳಿದುಕೊಂಡು ಬರಬೇಕು?" ಉತ್ತರ ಚಿಕ್ಕದಾಗಿತ್ತು. ಸಿಸ್ಟಂ ಕೈಕೊಟ್ಟಾಗ ಇವರು ಹೇಗೆ ಯೋಚಿಸುತ್ತಾರೆ, ಮತ್ತು ಬೇರೆ ಟೀಮ್‌ನವರು ಒಪ್ಪದಿದ್ದಾಗ ಏನು ಮಾಡುತ್ತಾರೆ. ಈ ಎರಡೇ. ಅವರು ಆರ್ಕಿಟೆಕ್ಟ್ ಹುದ್ದೆಗೆ ತಕ್ಕವರಾ ಅಲ್ವಾ ಅನ್ನೋದನ್ನು ತೀರ್ಮಾನಿಸೋದು ನನ್ನ ಕೆಲಸ ಆಗಿರಲಿಲ್ಲ. ಅದಕ್ಕೆ ಆ ಮಟ್ಟದವರ ಬೇರೆ ರೌಂಡ್ ಇತ್ತು.

ಇದನ್ನು ಕೇಳಿಯೇ ನನ್ನ ಅರ್ಧ ಭಯ ಇಳಿಯಿತು. "ಇವರಿಗಿಂತ ನನಗೆ ಜಾಸ್ತಿ ಗೊತ್ತಿರಬೇಕು" ಅನ್ನೋ ಭಾರ ನಾನೇ ಹೊತ್ತುಕೊಂಡಿದ್ದದ್ದು. ಯಾರೂ ಹೊರಿಸಿರಲಿಲ್ಲ.

ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡೆ. ಎಲ್ಲ ಅಭ್ಯರ್ಥಿಗಳಿಗೂ ಅದೇ ಪ್ರಶ್ನೆ, ಅದೇ ಕ್ರಮ. ಹೀಗೆ ಮಾಡೋದು ಮಕ್ಕಳಾಟ ಅಂತ ಮೊದಲು ಅನಿಸುತ್ತಿತ್ತು. 18 ವರ್ಷದವರ ಮುಂದೆ ಹಾಳೆ ನೋಡಿ ಪ್ರಶ್ನೆ ಓದೋದಾ? ಆದರೆ ಇದರ ಬಗ್ಗೆ ಸಂಶೋಧನೆ ಬೇಕಾದಷ್ಟು ಆಗಿದೆ. ಇಂಟರ್‌ವ್ಯೂನಲ್ಲಿ ಬಂದ ಅಂಕಕ್ಕೂ ಆಮೇಲೆ ಕೆಲಸದಲ್ಲಿ ತೋರಿಸಿದ ಸಾಮರ್ಥ್ಯಕ್ಕೂ ಎಷ್ಟು ನಂಟಿದೆ ಅಂತ ಅಳೆಯುತ್ತಾರೆ. ಪೂರ್ತಿ ತಾಳೆಯಾದರೆ 1, ಏನೂ ನಂಟಿಲ್ಲದಿದ್ದರೆ 0. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಮೊದಲೇ ಗೊತ್ತು ಮಾಡಿದ ಪ್ರಶ್ನೆಗಳ ಇಂಟರ್‌ವ್ಯೂಗೆ 0.51 ಬಂತು, ಮಾತು ಹೋದ ಕಡೆ ಹೋಗುವ ಇಂಟರ್‌ವ್ಯೂಗೆ 0.38. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಆ ಲೆಕ್ಕದಲ್ಲಿದ್ದ ತಪ್ಪುಗಳನ್ನು ತಿದ್ದಿದರು. ಎರಡೂ ಇಳಿದವು: 0.42 ಮತ್ತು 0.19. ಅಂತರ ಮಾತ್ರ ಹೆಚ್ಚಾಯಿತು. ಹಿರಿಯರು ಎದುರಿಗೆ ಕೂತಾಗ ಮಾತು "ಹೋದ ಕಡೆ" ಹೋದರೆ ಅದು ಅವರಿಗೆ ಚೆನ್ನಾಗಿ ಗೊತ್ತಿರುವ ಕಡೆಗೇ ಹೋಗುತ್ತದೆ ಅಂತ ನನ್ನ ಅನುಭವ. ಅದಕ್ಕೇ ಹಾಳೆ.

ಹಾಳೆಯ ಅಂಚಿನಲ್ಲಿ ಸಮಯವನ್ನೂ ಬರೆದುಕೊಂಡೆ. ಮೊದಲ 5 ನಿಮಿಷ ಪರಿಚಯ. ಆಮೇಲೆ ಎರಡು ಪ್ರಶ್ನೆ, ತಲಾ 20 ನಿಮಿಷ. 5 ನಿಮಿಷ ಹೆಚ್ಚುವರಿ. ಕೊನೆಯ 10 ನಿಮಿಷ ಅವರದ್ದು.

ಪರಿಚಯದಲ್ಲಿ ಏನು ಹೇಳಬೇಕು ಅಂತಲೂ ಮನೆಯಲ್ಲಿ ಜೋರಾಗಿ ಹೇಳಿ ನೋಡಿದ್ದೆ. ಹೇಳಿದ್ದು ಹೆಚ್ಚೂಕಡಿಮೆ ಹೀಗೆ: "ನಾನು ಈ ಟೀಮ್‌ನಲ್ಲಿ ಬ್ಯಾಕೆಂಡ್ ನೋಡಿಕೊಳ್ತೀನಿ. ಇವತ್ತು ಎರಡು ವಿಷಯ ಮಾತಾಡೋಣ, ಎರಡೂ ನೀವು ಮಾಡಿದ ಕೆಲಸದ ಬಗ್ಗೆನೇ. ಕೊನೆಯ ಹತ್ತು ನಿಮಿಷ ನಿಮ್ಮ ಪ್ರಶ್ನೆಗಳಿಗೆ. ನಾನು ಮಧ್ಯೆ ಮಧ್ಯೆ ತಡೀತೀನಿ, ಬೇಜಾರು ಮಾಡ್ಕೋಬೇಡಿ. ಸಮಯ ನೋಡಿಕೊಳ್ಳೋದು ನನ್ನ ಕೆಲಸ." ಅವರು "ಖಂಡಿತ, ತಡೀರಿ" ಅಂದರು.

ಈ ಕೊನೆಯ ಮಾತು ಎಷ್ಟು ಉಪಯೋಗಕ್ಕೆ ಬಂತು ಅಂದ್ರೆ, ಅದೊಂದನ್ನು ಹೇಳದೆ ಈಗ ನಾನು ಇಂಟರ್‌ವ್ಯೂ ಶುರು ಮಾಡೋದೇ ಇಲ್ಲ. ತಡೆಯೋದಕ್ಕೆ ಮೊದಲೇ ಒಪ್ಪಿಗೆ ತಗೊಂಡಿದ್ದರೆ ಆಮೇಲೆ ತಡೆದಾಗ ಅದು ಅಗೌರವ ಅನಿಸೋದಿಲ್ಲ. ಅವರಿಗೂ ಅನಿಸೋದಿಲ್ಲ, ನನಗೂ ಅನಿಸೋದಿಲ್ಲ. ನನಗೆ ಅನಿಸದೇ ಇರೋದೇ ಮುಖ್ಯ, ಯಾಕಂದ್ರೆ ಹಿಂದಿನ ಸಲ ನನ್ನ ಬಾಯಿ ಕಟ್ಟಿದ್ದು ನನ್ನದೇ ಸಂಕೋಚ.

"ನಿಮಗೆ ಎಷ್ಟು ವರ್ಷ ಅನುಭವ?" ಅಂತ ಅವರು ಕೇಳಿದರು. ಕುಹಕವೇನೂ ಇರಲಿಲ್ಲ, ಸುಮ್ನೆ ಕೇಳಿದ್ದು. "ಆರು ವರ್ಷ" ಅಂದೆ. "ಆದರೆ" ಅಂತ ಮುಂದುವರಿಸಲಿಲ್ಲ. ಮೊದಲನೇ ಪ್ರಶ್ನೆಗೆ ಹೋದೆ.

ಪ್ರಶ್ನೆ ಇಷ್ಟು: "ನಿಮ್ಮ ಸಿಸ್ಟಂ ಕೈಕೊಟ್ಟ ಒಂದು ಸಂದರ್ಭ ಹೇಳಿ. ನೀವೇ ಅಲ್ಲಿದ್ದು ನೋಡಿದ್ದು, ಹಿಂದಿನ ಮೂರು ನಾಲ್ಕು ವರ್ಷದ ಒಳಗಿನದ್ದು." ಆ ಕೊನೆಯ ಎರಡು ಷರತ್ತು ಬೇಕೇ ಬೇಕು. ಇಲ್ಲದಿದ್ದರೆ ಹಿರಿಯರು ಹತ್ತು ವರ್ಷದ ಹಿಂದಿನ, ನೂರು ಸಲ ಹೇಳಿ ನುಣುಪಾದ ಕಥೆ ತೆಗೆಯುತ್ತಾರೆ.

ಅವರು ಶುರು ಮಾಡಿದರು. ಆರ್ಡರ್ ತಗೊಳ್ಳುವ ಒಂದು ಸಿಸ್ಟಂ. ಸ್ಟಾಕ್ ಎಷ್ಟಿದೆ ಅಂತ ಹೇಳುವ ಸರ್ವಿಸ್ ಒಂದು ಸಂಜೆ ನಿಧಾನವಾಯಿತು, ಸ್ವಲ್ಪ ಹೊತ್ತಿಗೆ ಎಲ್ಲವೂ ಬಿದ್ದುಹೋಯಿತು. ಅಲ್ಲಿಂದ ಅವರು ಆ ಕಂಪನಿಯ ಒಟ್ಟು ರಚನೆ, ತಂಡಗಳು, ಕ್ಲೌಡ್‌ಗೆ ಹೋದದ್ದು, ಹೀಗೆ ಮೇಲಕ್ಕೆ ಹೋಗತೊಡಗಿದರು. ಐದನೇ ನಿಮಿಷಕ್ಕೆ ತಡೆದೆ. "ಒಂದ್ನಿಮಿಷ, ಆ ಸಂಜೆಗೇ ವಾಪಸ್ ಹೋಗೋಣ. ನಿಮಗೆ ಮೊದಲು ಕಣ್ಣಿಗೆ ಬಿದ್ದದ್ದು ಏನು? ಯಾವ ಗ್ರಾಫ್?"

ತಡೆಯೋದು ಹೀಗಿರಬೇಕು ಅಂತ ಈಗ ನನಗೆ ಗೊತ್ತಾಗಿದೆ. "ಸಮಯ ಆಗ್ತಿದೆ" ಅಂದರೆ ಬಾಗಿಲು ಮುಚ್ಚಿದ ಹಾಗೆ. ಅವರೇ ಹೇಳಿದ ಒಂದು ಪದ ಹಿಡಿದುಕೊಂಡು ಅಲ್ಲಿಗೇ ಕರೆದುಕೊಂಡು ಹೋದರೆ, ಕೇಳಿಸಿಕೊಳ್ಳುತ್ತಿದ್ದೀನಿ ಅಂತಲೂ ಆಯಿತು, ದಾರಿಗೂ ಬಂದ ಹಾಗಾಯಿತು.

"ಸ್ಟಾಕ್ ಸರ್ವಿಸ್‌ಗೆ ಬರೋ ರಿಕ್ವೆಸ್ಟ್‌ಗಳ ಗ್ರಾಫ್. ಅದು ಗೋಡೆ ಥರ ಎದ್ದಿತ್ತು. ಆದರೆ ಗ್ರಾಹಕರು ಜಾಸ್ತಿ ಆಗಿರಲಿಲ್ಲ" ಅಂದರು. ರಿಟ್ರೈಗಳಿಂದ ಆಗಿದ್ದು ಅಂತ ಹೇಳಿದರು. ಅಂದರೆ ಒಂದು ರಿಕ್ವೆಸ್ಟ್‌ಗೆ ಉತ್ತರ ಬರದಿದ್ದರೆ ಪ್ರೋಗ್ರಾಂ ತಾನಾಗೇ ಮತ್ತೆ ಮತ್ತೆ ಕೇಳುತ್ತದಲ್ಲ, ಅದು.

ನಿಜ ಹೇಳಬೇಕಂದ್ರೆ, ರಿಟ್ರೈಗಳಿಂದ ಇಡೀ ಸಿಸ್ಟಂ ಬೀಳಬಹುದು ಅಂತ ನಾನು ಓದಿದ್ದೆ ಅಷ್ಟೇ, ಕಣ್ಣಾರೆ ನೋಡಿರಲಿಲ್ಲ. ಹಿಂದಿನ ಸಲ ಆಗಿದ್ದರೆ ಇಲ್ಲಿ ತಲೆ ಆಡಿಸುತ್ತಿದ್ದೆ. ಈ ಸಲ ಒಂದು ಹಾಳೆ ತೆಗೆದು "ನನಗೆ ಲೆಕ್ಕ ಹಾಕಿ ತೋರಿಸ್ತೀರಾ? ಎಷ್ಟು ಹಂತ ಇದ್ದವು, ಪ್ರತಿ ಹಂತದಲ್ಲಿ ಎಷ್ಟು ಪ್ರಯತ್ನ?" ಅಂದೆ.

ಅವರು ಬರೆದರು. ಮೊಬೈಲ್ ಆ್ಯಪ್, ಅದರ ಕೆಳಗೆ ಗೇಟ್‌ವೇ, ಅದರ ಕೆಳಗೆ ಆರ್ಡರ್ ಸರ್ವಿಸ್, ತಳದಲ್ಲಿ ಸ್ಟಾಕ್ ಸರ್ವಿಸ್. ಮೇಲಿನ ಮೂರೂ ತಮ್ಮ ಕೆಳಗಿನವರನ್ನು ತಲಾ 3 ಸಲ ಕೇಳುತ್ತಿದ್ದವು. ಎಲ್ಲವೂ ಫೇಲ್ ಆದರೆ 3ರ 3ರ 3, ಅಂದರೆ 27. ಗ್ರಾಹಕ ಒಂದು ಸಲ ಬಟನ್ ಒತ್ತಿದರೆ ತಳದವನಿಗೆ 27 ಸಲ ಬಡಿತ. ಸೆಕೆಂಡಿಗೆ 200 ಜನ ಒತ್ತುತ್ತಿದ್ದರೆ 5,400. ಮೊದಲೇ ಸುಸ್ತಾದವನ ಮೇಲೆ ಇಷ್ಟು ಬಿದ್ದರೆ ಏಳೋದು ಹೇಗೆ?

ಹಾಳೆಯ ಮೇಲೆ ಟೈಮೌಟ್‌ಗಳನ್ನೂ ಬರೆಸಿದೆ. ಆರ್ಡರ್ ಸರ್ವಿಸ್ ಪ್ರತಿ ಸಲ 2 ಸೆಕೆಂಡ್ ಕಾಯುತ್ತಿತ್ತು. ಗೇಟ್‌ವೇ 5 ಸೆಕೆಂಡ್. ನಾನು ಹಾಗೇ ನೋಡುತ್ತಿದ್ದೆ. 2, 2, 2. ಒಟ್ಟು 6. ಮೂರನೇ ಪ್ರಯತ್ನ ಶುರುವಾಗೋದು 4ನೇ ಸೆಕೆಂಡಿಗೆ, ಮುಗಿಯೋದು 6ಕ್ಕೆ. ಗೇಟ್‌ವೇ 5ಕ್ಕೇ ಎದ್ದು ಹೋಗಿರುತ್ತದೆ.

"ಹಾಗಾದರೆ 5ನೇ ಸೆಕೆಂಡ್ ಆದಮೇಲೆ ಉತ್ತರ ಬಂದರೆ ಅದನ್ನ ಯಾರಿಗೆ ಕೊಡ್ತಿದ್ರಿ?" ಅಂತ ಕೇಳಿದೆ.

ಅವರು ಹಾಳೆ ನೋಡಿ ನಕ್ಕರು. "ಯಾರಿಗೂ ಇಲ್ಲ. ಇದು ನಮಗೆ ಎರಡು ದಿನ ಆದಮೇಲೆ ಗೊತ್ತಾಯ್ತು. ಕೇಳಿದವರು ಹೋದಮೇಲೂ ಕೆಲಸ ನಡೀತಾನೇ ಇತ್ತು." ಅಲ್ಲಿಂದ ಅವರ ಮಾತಿನ ಧಾಟಿಯೇ ಬದಲಾಯಿತು. ಅದುವರೆಗೆ ಪಾಠ ಹೇಳುವ ಥರ ಇತ್ತು. ಆಮೇಲೆ ಇಬ್ಬರೂ ಒಂದೇ ಹಾಳೆ ನೋಡುತ್ತಾ ಮಾತಾಡಿದೆವು.

ಈ ಪ್ರಶ್ನೆ ಕೇಳೋಕೆ 18 ವರ್ಷ ಅನುಭವ ಬೇಕಿರಲಿಲ್ಲ ಅನ್ನೋದನ್ನು ಗಮನಿಸಿ. ಕೂಡಿಸೋಕೆ ಬಂದರೆ ಸಾಕಿತ್ತು. ನಮಗೆ ಗೊತ್ತಿಲ್ಲದ ವಿಷಯವನ್ನು ಅಭ್ಯರ್ಥಿ ಹೇಳುತ್ತಿರುವಾಗ ಆ ವಿಷಯವನ್ನು ಅಳೆಯೋದು ಕಷ್ಟ. ಆದರೆ ಅವರೇ ಹೇಳಿದ ಎರಡು ಮಾತು ಒಂದಕ್ಕೊಂದು ಕೂಡುತ್ತದಾ ಅಂತ ನೋಡಬಹುದು. ಅಂಕಿ ಕೇಳಿ, ಕ್ರಮ ಕೇಳಿ, ಬರೆಸಿ. ಮರದ ಕೆಲಸ ಬರದವರೂ ಕುರ್ಚಿಯ ಕೀಲು ಅಲ್ಲಾಡಿಸಿ ನೋಡಬಹುದಲ್ವಾ, ಹಾಗೆ.

ಕೆಲಸ ತಾವೇ ಮಾಡಿದವರು ಮತ್ತು ಪಕ್ಕದಲ್ಲಿ ನಿಂತು ನೋಡಿದವರು ಬೇರೆ ಬೇರೆ ಅಂತ ಗೊತ್ತಾಗೋದೂ ಇಲ್ಲೇ. ಎರಡು ಮೂರು ಸಲ "ಯಾಕೆ" ಅಂತ ಕೇಳುತ್ತಾ ಹೋದರೆ, ಮಾಡಿದವರ ಉತ್ತರ ಚಿಕ್ಕದಾಗುತ್ತಾ, ಚೂಪಾಗುತ್ತಾ ಹೋಗುತ್ತದೆ. "ಆ ಸಂಖ್ಯೆ ನೆನಪಿಲ್ಲ, ಆದರೆ ಅದನ್ನ ಈ ಫೈಲ್‌ನಲ್ಲಿ ಇಟ್ಟಿದ್ವಿ" ಅನ್ನುತ್ತಾರೆ. ನೋಡಿದವರ ಉತ್ತರ ಉಬ್ಬುತ್ತಾ ಹೋಗುತ್ತದೆ. ಅಂಕಿ ಕೇಳಿದರೆ ತತ್ವ ಹೇಳುತ್ತಾರೆ. ಆದರೆ ಇದನ್ನೇ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಹತ್ತು ವರ್ಷದಿಂದ ಜನರನ್ನು ನೋಡಿಕೊಳ್ಳುತ್ತಿರುವ ಮ್ಯಾನೇಜರ್‌ಗೆ ಟೈಮೌಟ್ ಎಷ್ಟು ಸೆಕೆಂಡ್ ಅಂತ ಗೊತ್ತಿಲ್ಲದಿದ್ದರೆ ಅದು ತಪ್ಪಲ್ಲ. ಅಂಥವರಿಗೆ ಅವತ್ತು ಯಾರನ್ನು ಕರೆದಿರಿ, ಯಾರನ್ನು ಮನೆಗೆ ಕಳಿಸಿದಿರಿ, ಗ್ರಾಹಕರಿಗೆ ಏನು ಹೇಳಬೇಕು ಅಂತ ಹೇಗೆ ತೀರ್ಮಾನಿಸಿದಿರಿ ಅಂತ ಕೇಳಬೇಕು. ಅವರ ಕೆಲಸದಲ್ಲೂ ಸಣ್ಣ ಸಣ್ಣ ವಿವರ ಇರುತ್ತದೆ, ಇರಬೇಕು.

ಮಧ್ಯೆ ನಾನೂ ಒಂದು ಕಡೆ ಎಡವಿದೆ. "ಪ್ರತಿ ರಿಟ್ರೈ ನಡುವಿನ ಅಂತರವನ್ನ ದುಪ್ಪಟ್ಟು ಮಾಡ್ತಾ ಹೋಗಿದ್ದರೆ ಸಾಕಿತ್ತಲ್ವಾ?" ಅಂದುಬಿಟ್ಟೆ. ಅವರು ತಲೆ ಅಡ್ಡ ಆಡಿಸಿದರು. ಎಲ್ಲರೂ ಒಂದೇ ಕ್ಷಣದಲ್ಲಿ ಫೇಲ್ ಆಗಿದ್ದರೆ ಎಲ್ಲರೂ 1 ಸೆಕೆಂಡ್, 2 ಸೆಕೆಂಡ್, 4 ಸೆಕೆಂಡ್ ಅಂತ ಒಟ್ಟಿಗೇ ಬಂದು ಬಾಗಿಲು ಬಡಿಯುತ್ತಾರೆ. ಅಂತರದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಬೆರೆಸಿ ಚದುರಿಸಬೇಕು, ಅದಕ್ಕೆ ಜಿಟರ್ ಅಂತಾರೆ ಅಂದರು. ನನ್ನ ಕಿವಿ ಬಿಸಿಯಾಯಿತು. "ಹೌದು, ಅದು ನನಗೆ ಹೊಳೀಲಿಲ್ಲ" ಅಂತ ಹೇಳಿ ಬರೆದುಕೊಂಡೆ. ಮುಂದಿನ ಪ್ರಶ್ನೆ ಕೇಳಿದೆ. ಸಮರ್ಥಿಸಿಕೊಳ್ಳೋಕೆ ಹೋಗಿದ್ದರೆ ಏಳೆಂಟು ನಿಮಿಷ ಹೋಗುತ್ತಿತ್ತು. ಫಾರ್ಮ್‌ನಲ್ಲಿ ಆ ಘಳಿಗೆ ಅವರ ಪರವಾಗಿ ಒಂದು ಒಳ್ಳೆಯ ಸಾಕ್ಷಿ ಆಯಿತು: ತಪ್ಪನ್ನು ತಿದ್ದಿದರು, ನನ್ನನ್ನು ಚಿಕ್ಕದು ಮಾಡದೆ ತಿದ್ದಿದರು.

ಮಾತು ಮುಂದುವರಿದ ಹಾಗೆ ಅವರ ಬಾಯಲ್ಲಿ "ನಾವು" ಜಾಸ್ತಿಯಾಗುತ್ತಾ ಬಂತು. ನಾವು ರಿಟ್ರೈ ತೆಗೆದ್ವಿ, ನಾವು ಬದಲಾಯಿಸಿದ್ವಿ. ಕನ್ನಡದಲ್ಲಿ ಈ "ನಾವು" ಬಲು ಕಷ್ಟದ್ದು. ವಿನಯಕ್ಕೂ "ನಾವು", ತಂಡಕ್ಕೂ "ನಾವು", ಮರೆಯಲ್ಲಿ ನಿಲ್ಲೋಕೂ "ನಾವು". ಬಿಡಿಸೋದು ಹೇಗೆ? "ಅದರಲ್ಲಿ ನೀವು ಏನು ಮಾಡಿದ್ರಿ?" ಅಂತ ನೇರವಾಗಿ ಕೇಳಿದರೆ ಅನುಮಾನಪಟ್ಟ ಹಾಗೆ ಕೇಳಿಸುತ್ತದೆ. ನಾನು ಹೀಗೆ ಕೇಳಿದೆ: "ರಿಟ್ರೈ ಒಂದೇ ಹಂತದಲ್ಲಿ ಇರಲಿ ಅಂತ ಮೀಟಿಂಗ್‌ನಲ್ಲಿ ಮೊದಲು ಹೇಳಿದ್ದು ಯಾರು?"

"ನಾನೇ" ಅಂದರು. ಆರ್ಡರ್ ಸರ್ವಿಸ್‌ನಲ್ಲಿ ಮಾತ್ರ ಉಳಿಸಿ, ಮೇಲಿನ ಎರಡರಿಂದ ತೆಗೆಯಬೇಕು ಅನ್ನೋದು ಅವರ ಸಲಹೆ. ಕಾಯುವ ಸಮಯವನ್ನೂ ಕೆಳಕ್ಕೆ ಹೋದ ಹಾಗೆ ಕಡಿಮೆ ಮಾಡಿದರು, ಕೆಳಗಿನವನ ಎಲ್ಲ ಪ್ರಯತ್ನ ಮುಗಿಯೋ ತನಕ ಮೇಲಿನವನು ಕೂತಿರಬೇಕು ಅಂತ. ಮೊದಲ ಪ್ರಶ್ನೆಯ ಕಾಲಂ ತುಂಬೋಕೆ ನನಗೆ ಇಷ್ಟು ಸಾಕಿತ್ತು.

ಎರಡನೇ ಪ್ರಶ್ನೆ, ಬೇರೆಯವರು ಒಪ್ಪದಿದ್ದಾಗ ಏನು ಮಾಡುತ್ತೀರಿ ಅನ್ನೋದು. ಅದೇ ಘಟನೆಯಿಂದಲೇ ಎತ್ತಿಕೊಂಡೆ. ಆ್ಯಪ್ ಟೀಮ್ ಒಪ್ಪಿತಾ? ಇಲ್ಲ ಅಂದರು. ರಿಟ್ರೈ ತೆಗೆದರೆ ಗ್ರಾಹಕರಿಗೆ ಎರರ್ ಜಾಸ್ತಿ ಕಾಣಿಸುತ್ತದೆ ಅಂತ ಅವರ ವಾದ. "ಆಮೇಲೆ?" "ಆಮೇಲೆ ಡೈರೆಕ್ಟರ್ ಹತ್ತಿರ ಹೋಯ್ತು, ಅವರು ಹೇಳಿದ್ರು, ಆಯ್ತು." ಅದಕ್ಕೂ ಮುಂಚೆ ಆ ಟೀಮ್ ಜೊತೆ ಕೂತು ಏನಾದರೂ ಮಾತಾಡಿದ್ರಾ ಅಂತ ಕೇಳಿದೆ. ಅವರು ಉತ್ತರಿಸಲಿಲ್ಲ, ತಿರುಗಿ ಕೇಳಿದರು: "ನಿಮ್ಮಲ್ಲಿ ಇಂಥದ್ದು ಬಂದರೆ ಹೇಗೆ ಬಗೆಹರಿಸ್ತೀರಿ, ನೀವು ಹೇಳಿ."

ಹಿಂದಿನ ಸಲ ಇಲ್ಲಿ ಜಾರಿಬಿದ್ದಿದ್ದೆ. ಪ್ರಶ್ನೆ ತಿರುಗಿ ಬಂದಾಗ ಪರೀಕ್ಷೆ ನನ್ನದೇ ಅನಿಸಿ, ಒಳ್ಳೆಯ ಉತ್ತರ ಕೊಡೋ ಆತುರದಲ್ಲಿ ಹತ್ತು ನಿಮಿಷ ನಾನೇ ಮಾತಾಡಿದ್ದೆ. ಈ ಸಲ ಅದನ್ನು ಹಾಳೆಯ ಮೂಲೆಯಲ್ಲಿ ಅವರ ಕಣ್ಣೆದುರೇ ಬರೆದುಕೊಂಡೆ. "ಇದನ್ನ ಕೊನೆಯ ಹತ್ತು ನಿಮಿಷಕ್ಕೆ ಇಟ್ಟಿದ್ದೀನಿ, ಹೇಳ್ತೀನಿ. ಈಗ ನಿಮ್ಮದು ಮುಗಿಸೋಣ" ಅಂದೆ. ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಇನ್ನೊಮ್ಮೆ ಕೇಳಿದೆ. ಬೇರೆ ಯಾವುದಾದರೂ ಉದಾಹರಣೆ ಇದ್ದರೂ ಆಗುತ್ತೆ ಅಂದೆ. ಇನ್ನೊಂದು ಹೇಳಿದರು. ಅದರಲ್ಲೂ ಕೊನೆಗೆ ಮೇಲಿನವರೇ ಬಂದು ತೀರ್ಮಾನಿಸಿದ್ದರು.

ಮೂರನೇ ಸಲ ಕೇಳಲಿಲ್ಲ. ಎರಡು ಸಲ ಕೇಳೋದು ಅವಕಾಶ ಕೊಟ್ಟ ಹಾಗೆ, ಮೂರನೇ ಸಲ ಕೇಳೋದು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ.

ಕೊನೆಯ ಹತ್ತು ನಿಮಿಷ ಬಂದಾಗ ಮೂಲೆಯಲ್ಲಿ ಬರೆದದ್ದನ್ನು ಓದಿ ಉತ್ತರ ಕೊಟ್ಟೆ. ಹೇಳ್ತೀನಿ ಅಂದಮೇಲೆ ಹೇಳಲೇಬೇಕು, ಇಲ್ಲದಿದ್ದರೆ ಮುಂದೂಡಿದ್ದು ಬರೀ ತಪ್ಪಿಸಿಕೊಂಡ ಹಾಗೆ ಆಗುತ್ತದೆ. ಅವರು ಇನ್ನೂ ಮೂರು ಪ್ರಶ್ನೆ ಕೇಳಿದರು. ಒಂದಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ, ನಾಳೆಯ ರೌಂಡ್‌ನಲ್ಲಿ ಇರುವವರಿಗೆ ಗೊತ್ತಿರುತ್ತೆ ಅಂದೆ.

ಬೇರೆಯವರ ಅಭಿಪ್ರಾಯ ಕೇಳೋಕೆ ಮುಂಚೆ, ಕೂತ ಜಾಗದಲ್ಲೇ ಫಾರ್ಮ್ ತುಂಬಿದೆ. ಇದೂ ಹಿಂದಿನ ಸಲದ ಪೆಟ್ಟಿನಿಂದ ಕಲಿತದ್ದು. ಆಗ ಚರ್ಚೆಗೆ ಕೂತಾಗ ಎಲ್ಲರೂ "ಭಾರೀ ಮನುಷ್ಯ" ಅಂದರು, ನಾನೂ ಹೂಂ ಅಂದೆ. ಈ ಸಲ ಮೊದಲ ಕಾಲಂನಲ್ಲಿ 27ರ ಲೆಕ್ಕ, 5 ಮತ್ತು 6 ಸೆಕೆಂಡಿನ ವಿಷಯ, ಸಲಹೆ ಕೊಟ್ಟದ್ದು ಅವರೇ ಅನ್ನೋದು, ಎಲ್ಲವನ್ನೂ ಅವರ ಮಾತಲ್ಲೇ ಬರೆದೆ. ಎರಡನೇ ಕಾಲಂನಲ್ಲಿ ಎರಡೂ ಉದಾಹರಣೆ ಬರೆದು, ಕೆಳಗೆ "ಒಪ್ಪದವರನ್ನು ತಾವೇ ಒಪ್ಪಿಸುತ್ತಾರಾ ಅಂತ ನನಗೆ ಗೊತ್ತಾಗಲಿಲ್ಲ. ಎರಡು ಸಲ ಕೇಳಿದೆ" ಅಂತ ಸೇರಿಸಿದೆ. ಬರೆಯುವಾಗ ಕೈ ಸ್ವಲ್ಪ ತಡೆಯಿತು. 18 ವರ್ಷದವರ ಬಗ್ಗೆ ನಾನು ಹೀಗೆ ಬರೆಯೋದಾ ಅಂತ. ಅಳಿಸಲಿಲ್ಲ.

ಸಂಜೆ ಮ್ಯಾನೇಜರ್ ಓದಿ, ಆ ಕೊನೆಯ ಸಾಲನ್ನು ಮರುದಿನದ ರೌಂಡ್ ಮಾಡುವವರಿಗೆ ಕಳಿಸಿದರು. ಅವರು ತಮ್ಮ ಇಂಟರ್‌ವ್ಯೂನ ಅರ್ಧ ಹೊತ್ತನ್ನು ಅದೊಂದಕ್ಕೇ ಎತ್ತಿಟ್ಟರಂತೆ.